ಹ್ಯೂಗೆ: ಬೆಚ್ಚಗೆ ಕೂತರಷ್ಟೇ ಸಾಲದು

ಎಲ್ಲರಿಗೂ ನಮಸ್ಕಾರ.

ಹ್ಯೂಗೆ ಅನ್ನುವ ಡೇನಿಶ್ ಮಾತನ್ನು ನಿಮ್ಮಲ್ಲಿ ತುಂಬಾ ಜನ ಕೇಳಿರುತ್ತೀರಿ. ತುಟಿಯನ್ನು ‘ಉ’ ಅನ್ನುವ ಹಾಗೆ ದುಂಡಗೆ ಮಾಡಿಕೊಂಡು ‘ಇ’ ಅನ್ನಿ, ಅದರ ಮೊದಲ ಸ್ವರ ಬರುತ್ತದೆ. 2016ರ ಸುಮಾರಿಗೆ ಈ ಮಾತು ಇಂಗ್ಲಿಷಿನವರ ಬಾಯಿಗೆ ಬಿತ್ತು. ಆ ವರ್ಷ ಕಾಲಿನ್ಸ್ ನಿಘಂಟಿನವರು ವರ್ಷದ ಪದಗಳನ್ನು ಆರಿಸಿದಾಗ ಇದೂ ಪಟ್ಟಿಯಲ್ಲಿತ್ತು. ಆಮೇಲೆ ಮೇಣದಬತ್ತಿ, ಉಣ್ಣೆಯ ಕಾಲುಚೀಲ, ದಪ್ಪ ಕಂಬಳಿ, ಕಾಫಿ ಮಗ್ಗು ಎಲ್ಲವನ್ನೂ ಈ ಹೆಸರು ಅಂಟಿಸಿ ಮಾರಿದರು. ಹ್ಯೂಗೆ ಅಂದರೆ ಕೋಜಿನೆಸ್, ಅಂದರೆ ಬೆಚ್ಚಗೆ ಹಿತವಾಗಿ ಇರೋದು ಅಂತ ನಮಗೂ ಹಾಗೇ ತಲುಪಿತು.

ನಾನು ಕೆಲಸದ ಮೇಲೆ ಕೆಲವು ವರ್ಷ ಆರ್‌ಹೂಸ್ ಊರಿನಲ್ಲಿದ್ದೆ. ಡೆನ್ಮಾರ್ಕಿನ ಎರಡನೇ ದೊಡ್ಡ ಊರು ಅದು. ಅಲ್ಲಿ ಕಂಡಿದ್ದನ್ನೂ ಓದಿ ತಿಳಿದಿದ್ದನ್ನೂ ಸೇರಿಸಿ ಇವತ್ತು ಮಾತಾಡುತ್ತೇನೆ. ಬೆಚ್ಚಗೆ ಇರೋದು ಹ್ಯೂಗೆಯಲ್ಲಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಹ್ಯೂಗೆಯ ನಡು ಅಲ್ಲ. ನಡುವಿನಲ್ಲಿ ಇರುವುದು ಕೂತಿರುವ ಜನರ ನಡುವಿನ ಒಂದು ಒಪ್ಪಂದ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುರಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಒಂದು ಊಟದ ಮೇಜಿನಿಂದ ಶುರು ಮಾಡೋಣ. ಡೇನರಿಗೆ ಕ್ರಿಸ್ಮಸ್ ಅಂದರೆ ಡಿಸೆಂಬರ್ 24ರ ಸಂಜೆ. ಹಿಂದಿನ ದಿನ, 23ರ ಸಂಜೆ, ಎಷ್ಟೋ ಮನೆಗಳಲ್ಲಿ ಅಕ್ಕಿಯನ್ನು ಹಾಲಿನಲ್ಲಿ ಬೇಯಿಸುತ್ತಾರೆ. ದುಂಡನೆಯ ಗಿಡ್ಡ ಅಕ್ಕಿ. ಒಂದು ಲೀಟರ್ ಹಾಲಿಗೆ ಇನ್ನೂರು ಗ್ರಾಂ ಆಸುಪಾಸು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಬೇಕು, ತಳ ಹಿಡಿಯದ ಹಾಗೆ ಕೈಯಾಡಿಸಬೇಕು. ಆ ರಾತ್ರಿ ಇದನ್ನು ಬಿಸಿಬಿಸಿಯಾಗಿ ತಿನ್ನುತ್ತಾರೆ. ಮೇಲೆ ಸಕ್ಕರೆ, ಚಕ್ಕೆ ಪುಡಿ, ನಡುವೆ ಒಂದು ಉಂಡೆ ಬೆಣ್ಣೆ. ಉಳಿದದ್ದನ್ನು ತಣ್ಣಗೆ ಮಾಡಿ ಎತ್ತಿಡುತ್ತಾರೆ.

ಮಾರನೇ ದಿನ ಅದಕ್ಕೆ ನೊರೆ ಬರುವ ಹಾಗೆ ಕಡೆದ ಕೆನೆ, ವೆನಿಲ್ಲಾ, ಸಿಪ್ಪೆ ತೆಗೆದು ಕೊಚ್ಚಿದ ಬಾದಾಮಿ ಬೆರೆಸುತ್ತಾರೆ. ಈಗ ಇದರ ಹೆಸರು ರೀಸಲಮಾಂಡ್. ಹೆಸರು ಫ್ರೆಂಚ್, ತಿಂಡಿ ಮಾತ್ರ ಪಕ್ಕಾ ಡೇನಿಶ್. ಮೇಲೆ ಸುರಿದುಕೊಳ್ಳಲು ಬಿಸಿ ಚೆರ್ರಿ ಸಾಸ್. ಕೊನೆಗೆ ಒಂದೇ ಒಂದು ಇಡೀ ಬಾದಾಮಿಯನ್ನು ಆ ದೊಡ್ಡ ಬೋಗುಣಿಯೊಳಗೆ ಹುದುಗಿಸುತ್ತಾರೆ. ಅದು ಯಾರ ಬಾಯಿಗೆ ಸಿಗುತ್ತದೋ ಅವರಿಗೆ ಒಂದು ಬಹುಮಾನ. ಬಹುಮಾನವೂ ದೊಡ್ಡದಲ್ಲ. ಬಾದಾಮಿ ಹಿಟ್ಟು ಸಕ್ಕರೆಯಲ್ಲಿ ಮಾಡಿದ ಮಾರ್ಜಿಪಾನ್ ಹಂದಿ, ಇಲ್ಲವೇ ಎಲ್ಲರೂ ಸೇರಿ ಆಡುವ ಒಂದು ಆಟದ ಡಬ್ಬಿ.

ಇನ್ನು ಆಟದ ಮುಖ್ಯ ಭಾಗ. ಬಾದಾಮಿ ಸಿಕ್ಕವರು ಸಿಕ್ಕಿತು ಅಂತ ಕೂಗುವ ಹಾಗಿಲ್ಲ. ದವಡೆಯಲ್ಲಿ ಅಡಗಿಸಿಟ್ಟುಕೊಂಡು ಏನೂ ಆಗಿಲ್ಲ ಅನ್ನುವ ಹಾಗೆ ತಿನ್ನುತ್ತಿರಬೇಕು. ಸಿಗದವರು ಸಿಕ್ಕ ಹಾಗೆ ನಟಿಸುತ್ತಾರೆ. ಬೋಗುಣಿ ಬರಿದಾಗುವವರೆಗೆ ಎಲ್ಲರೂ ತಿನ್ನಬೇಕು. ಆಗಲೇ ಬಾತುಕೋಳಿಯೋ ಹಂದಿ ಮಾಂಸವೋ, ಸಕ್ಕರೆ ಪಾಕದಲ್ಲಿ ಹುರಿದ ಆಲೂಗಡ್ಡೆ, ಕೆಂಪು ಕೋಸು ಅಂತ ಹೊಟ್ಟೆ ಬಿರಿಯ ಊಟ ಆಗಿರುತ್ತದೆ. ಆದರೂ ಇನ್ನೊಂದು ಚಮಚ, ಮತ್ತೊಂದು ಚಮಚ. ನನ್ನನ್ನು ಊಟಕ್ಕೆ ಕರೆದಿದ್ದ ಮನೆಯಲ್ಲಿ ಹನ್ನೆರಡು ಜನಕ್ಕೆ ಎಂಟು ಜನರ ಮೇಜು. ಭುಜಕ್ಕೆ ಭುಜ ತಾಗುತ್ತಿತ್ತು. ಒಬ್ಬರಿಗೆ ಕುರ್ಚಿ ಸಾಲದೆ ಅಡುಗೆಮನೆಯ ಮೆಟ್ಟಿಲು ಸ್ಟೂಲು ತಂದಿದ್ದರು. ಆ ಮನೆಯ ಅಜ್ಜಿ ಕೊನೆಯವರೆಗೂ ಕೆನ್ನೆ ಉಬ್ಬಿಸಿಕೊಂಡು ಮೊಮ್ಮಕ್ಕಳಿಗೆ ಅನುಮಾನ ಹುಟ್ಟಿಸುತ್ತಿದ್ದರು. ಬಾದಾಮಿ ಕೊನೆಗೆ ಸಿಕ್ಕಿದ್ದು ಅವರ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಅಳಿಯನ ಬಾಯಲ್ಲಿ. ಮೇಜಿನ ಎಲ್ಲ ಕಡೆಯಿಂದ ಬಂದ ಒಂದೇ ಮಾತು, ‘ಎಷ್ಟು ಹ್ಯೂಗೆಲಿ!’ ಹ್ಯೂಗೆ ತುಂಬಿದೆ ಅನ್ನುವುದಕ್ಕೆ ಅವರ ಮಾತು ಅದು.

ಈಗ ಯೋಚನೆ ಮಾಡಿ. ಆ ಹೊತ್ತಿನಲ್ಲಿ ಯಾರ ಮೈಯೂ ಹಿತವಾಗಿರಲಿಲ್ಲ. ಹೊಟ್ಟೆ ಭಾರ, ಕಾಲು ಚಾಚಲು ಜಾಗವಿಲ್ಲ, ಸ್ಟೂಲಿನ ಮೇಲೆ ಕೂತವರಿಗೆ ಬೆನ್ನಿಗೆ ಆಸರೆ ಇಲ್ಲ. ಅದೇ ಮನೆಯಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿ ಮೆತ್ತನೆಯ ಸೋಫಾ ಇತ್ತು, ಮೇಲೆ ಉಣ್ಣೆಯ ಹೊದಿಕೆಯೂ ಇತ್ತು. ಯಾರಾದರೂ ತಮ್ಮ ಬಟ್ಟಲು ಎತ್ತಿಕೊಂಡು ಅಲ್ಲಿ ಹೋಗಿ ಹೊದ್ದು ಕೂತು ಫೋನ್ ನೋಡುತ್ತಾ ತಿಂದಿದ್ದರೆ ಅವರೇ ಆ ಮನೆಯಲ್ಲಿ ಎಲ್ಲರಿಗಿಂತ ಬೆಚ್ಚಗೆ ಇರುತ್ತಿದ್ದರು. ಹ್ಯೂಗೆ ಮಾತ್ರ ಅಲ್ಲೇ ಒಡೆದುಹೋಗುತ್ತಿತ್ತು. ಅವರಿಗೆ ಮಾತ್ರ ಅಲ್ಲ, ಮೇಜಿನ ಹನ್ನೆರಡು ಜನಕ್ಕೂ.

ಮಳೆಗಾಲದ ಸಂಜೆ ಕಂಬಳಿ ಹೊದ್ದು, ಕಿಟಕಿ ಪಕ್ಕ ಕೂತು, ಒಂದು ತಟ್ಟೆ ಬೋಂಡ ಮುಗಿಸುವ ಸುಖ ನಮಗೆಲ್ಲ ಗೊತ್ತು. ಅದು ಮೈಗೆ ಸಿಗುವ ಸುಖ. ಪಕ್ಕದಲ್ಲಿ ಯಾರು ಇದ್ದರೂ ಇಲ್ಲದಿದ್ದರೂ ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಕೋಜಿ ಅನ್ನುವ ಇಂಗ್ಲಿಷ್ ಮಾತು ಹೇಳುವುದು ಹೆಚ್ಚಾಗಿ ಇದನ್ನೇ. ಕೋಣೆ ಕೋಜಿ ಆಗಿರಬಹುದು, ಸ್ವೆಟರ್ ಕೋಜಿ ಆಗಿರಬಹುದು. ಡೇನರೂ ಕೋಣೆಯನ್ನು ಹ್ಯೂಗೆಲಿ ಅನ್ನುತ್ತಾರೆ ನಿಜ. ಆದರೆ ಅವರ ಬಾಯಲ್ಲಿ ಈ ಮಾತು ಕ್ರಿಯಾಪದವಾಗಿಯೂ ಓಡಾಡುತ್ತದೆ. ‘ನಾವು ಹ್ಯೂಗೆ ಮಾಡಿಕೊಳ್ಳುತ್ತೇವೆ’ ಅಂತಲೇ ಹೇಳುತ್ತಾರೆ. ಶುಕ್ರವಾರ ಏನು ಮಾಡುತ್ತೀರಿ ಅಂದರೆ ಇದೇ ಉತ್ತರ. ಹೊರಟವರಿಗೆ ‘ಹ್ಯೂಗೆ ಮಾಡಿಕೊಳ್ಳಿ’ ಅಂತ ಹೇಳಿ ಕಳಿಸುತ್ತಾರೆ.

ಇನ್ನೊಂದು ವಿಷಯ. ಅದು ನಡೆಯುತ್ತಿರುವಾಗಲೇ ಅದರ ಬಗ್ಗೆ ಮಾತಾಡುತ್ತಾರೆ. ನಾವು ಗೆಳೆಯರ ಜೊತೆ ಖುಷಿಯಾಗಿ ಕೂತಾಗ, ನೋಡಿ ನಾವೆಷ್ಟು ಖುಷಿಯಾಗಿದ್ದೇವೆ ಅಂತ ಪದೇ ಪದೇ ಹೇಳುವುದಿಲ್ಲ, ಅಲ್ವಾ? ಡೇನರು ಹೇಳುತ್ತಾರೆ. ಬರುವ ಮೊದಲು ‘ಹ್ಯೂಗೆಲಿ ಆಗಿರುತ್ತದೆ’, ಕೂತಾಗ ‘ಎಷ್ಟು ಹ್ಯೂಗೆಲಿ’, ಹೊರಡುವಾಗ ‘ತುಂಬಾ ಹ್ಯೂಗೆಲಿ ಆಗಿತ್ತು’. ಕೆಲವು ದಿನ ಬಿಟ್ಟು ಬೀದಿಯಲ್ಲಿ ಸಿಕ್ಕಾಗ ಮೊದಲ ಮಾತೇ ‘ತಕ್ ಫಾರ್ ಸಿಸ್ಟ್’, ಕಳೆದ ಸಲಕ್ಕೆ ಥ್ಯಾಂಕ್ಸ್ ಅಂತ. ಮೊದಮೊದಲು ನನಗೆ ಇದು ಬರೀ ಶಿಷ್ಟಾಚಾರ ಅನಿಸುತ್ತಿತ್ತು. ನೋಡ್ತಾ ನೋಡ್ತಾ ಇದರ ಕೆಲಸ ಅರ್ಥವಾಯಿತು. ಒಬ್ಬರು ‘ಎಷ್ಟು ಹ್ಯೂಗೆಲಿ’ ಅಂದಾಗ ಉಳಿದವರು ಹೂಂ ಅನ್ನುತ್ತಾರೆ. ನಾವೆಲ್ಲ ಇದರಲ್ಲಿ ಇದ್ದೇವೆ, ಯಾರೂ ಹೊರಗೆ ನಿಂತಿಲ್ಲ ಅಂತ ಎಲ್ಲರೂ ಒಬ್ಬರಿಗೊಬ್ಬರು ರುಜು ಹಾಕಿಕೊಡುವ ಹಾಗೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀವನ್ ಬೋರಿಶ್ ಡೆನ್ಮಾರ್ಕಿನ ಬಗ್ಗೆ ಬರೆಯುವಾಗ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಅಲ್ಲಿರುವ ಎಲ್ಲರೂ ಪೂರ್ತಿ ಮನಸ್ಸಿನಿಂದ ಪಾಲುಗೊಂಡರೆ ಮಾತ್ರ ಹ್ಯೂಗೆ ನಿಲ್ಲುತ್ತದೆ ಅನ್ನುವುದು ಅವರ ಮಾತಿನ ತಿರುಳು.

ಹಾಗಾದರೆ ಈ ಮೇಣದಬತ್ತಿ, ದೀಪ ಇವೆಲ್ಲ ಎಲ್ಲಿಂದ ಬಂದವು? ಅವಕ್ಕೂ ಕೆಲಸವಿದೆ. ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಹಗಲು ಏಳು ಗಂಟೆ, ಅದೂ ಮೋಡ ಕವಿದ ಹಗಲು. ಹೀಗಾಗಿ ಬೆಳಕಿನ ಬಗ್ಗೆ ಅವರು ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಕೋಣೆಯನ್ನು ಝಗಮಗ ಮಾಡುವುದಿಲ್ಲ. ಸೂರಿನ ನಡುವೆ ಒಂದು ದೊಡ್ಡ ದೀಪ ಹಾಕಿ ಮೂಲೆಮೂಲೆ ಬೆಳಗಿಸುವುದು ಅವರಿಗೆ ಆಫೀಸಿನ ಲಕ್ಷಣ. ಮನೆಯಲ್ಲಿ ನಾಲ್ಕೈದು ಸಣ್ಣ ದೀಪ, ಎಲ್ಲ ತಗ್ಗಿನಲ್ಲಿ. ಊಟದ ಮೇಜಿನ ಮೇಲಿನ ದೀಪವಂತೂ ಎದುರು ಕೂತವರ ಮುಖ ಮರೆಯಾಗದಷ್ಟು ಮಾತ್ರ ಮೇಲೆ ತೂಗುತ್ತಿರುತ್ತದೆ. ಅದರ ಬೆಳಕು ಮೇಜಿನ ಅಗಲಕ್ಕೇ ನಿಲ್ಲುತ್ತದೆ. ಸುತ್ತ ಕತ್ತಲು. ಆ ಬೆಳಕಿನ ದುಂಡಿನೊಳಗೆ ಇರುವುದು ಕೂತವರ ಮುಖ, ಕೈ, ಬಟ್ಟಲುಗಳು ಮಾತ್ರ.

ಪೌಲ್ ಹೆನಿಂಗ್ಸನ್ ಅಂತ ಒಬ್ಬ ಡೇನಿಶ್ ವಿನ್ಯಾಸಕಾರ ಇದ್ದರು. ಹುಟ್ಟಿದ್ದು 1894ರಲ್ಲಿ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬೆಳೆದವರು. ಹೊಸದಾಗಿ ಬಂದ ವಿದ್ಯುತ್ ಬಲ್ಬು ಕಣ್ಣು ಕುಕ್ಕುತ್ತದೆ, ಮುಖಗಳನ್ನು ಕೆಡಿಸುತ್ತದೆ ಅನ್ನುವುದು ಅವರ ದೂರು. 1920ರ ದಶಕದಿಂದ ಶುರು ಮಾಡಿ ದಶಕಗಟ್ಟಲೆ ಇದರ ಮೇಲೇ ಕೆಲಸ ಮಾಡಿದರು. ಒಂದರ ಕೆಳಗೊಂದು ತಟ್ಟೆಗಳನ್ನು ಲೆಕ್ಕ ಹಾಕಿ ಕೂರಿಸಿದರು. ಯಾವ ಕಡೆಯಿಂದ ನೋಡಿದರೂ ಬಲ್ಬು ನೇರವಾಗಿ ಕಣ್ಣಿಗೆ ಬೀಳಬಾರದು, ಬೆಳಕು ಮಾತ್ರ ಮೆತ್ತಗೆ ಹರಡಬೇಕು. 1958ರಲ್ಲಿ ಬಂದ ಅವರ ಪಿಎಚ್5 ದೀಪ ಈಗಲೂ ಲೆಕ್ಕವಿಲ್ಲದಷ್ಟು ಡೇನಿಶ್ ಮನೆಗಳ ಊಟದ ಮೇಜಿನ ಮೇಲೆ ತೂಗುತ್ತಿದೆ.

ದೀಪಕ್ಕಿಂತ ನನಗೆ ಜಾಸ್ತಿ ಪಾಠ ಕಲಿಸಿದ್ದು ಥರ್ಮಾಸು. ಹೌದು, ಕಾಫಿಯ ಥರ್ಮಾಸ್ ಜಗ್ಗು. ಡೇನರ ಮನೆಗೆ ಮಧ್ಯಾಹ್ನದ ಕಾಫಿಗೆ ಹೋದರೆ ಅದು ಮೇಜಿನ ಮೇಲೇ ಇರುತ್ತದೆ. ಹಾಲು, ಸಕ್ಕರೆ, ಕೇಕು, ಬಿಸ್ಕತ್ತು, ಚಾಕು, ಪೇಪರ್ ನ್ಯಾಪ್ಕಿನ್ ಎಲ್ಲವೂ ಮೊದಲೇ ಅಲ್ಲಿಗೆ ಬಂದಿರುತ್ತವೆ. ಮನೆಯವರು ಕಾಫಿ ಒಲೆಯ ಮೇಲೆ ಇಟ್ಟು ಐದು ನಿಮಿಷಕ್ಕೊಮ್ಮೆ ಎದ್ದು ಹೋಗುವುದಿಲ್ಲ. ಜಗ್ಗು ಕೈಯಿಂದ ಕೈಗೆ ಸುತ್ತುತ್ತದೆ. ಪಕ್ಕದವರ ಬಟ್ಟಲು ಬರಿದಾಗಿದ್ದರೆ ನೀವು ಸುರಿಯುತ್ತೀರಿ, ನಿಮ್ಮದಾದರೆ ಅವರು. ಊಟದಲ್ಲೂ ಅಷ್ಟೇ. ಪಾತ್ರೆಗಳು ಮೇಜಿನ ಸುತ್ತ ಹೋಗುತ್ತವೆ, ಬಡಿಸಲು ಯಾರೂ ನಿಂತಿರುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಅಡುಗೆಮನೆಯಲ್ಲಿ ನಿಂತು ಉಣ್ಣುವ ಅಮ್ಮ ಇರುವ ಕಡೆ, ಅವರ ಲೆಕ್ಕದಲ್ಲಿ, ಹ್ಯೂಗೆ ಇಲ್ಲ. ಊಟ ಎಷ್ಟೇ ರುಚಿಯಾಗಿರಲಿ, ಎಷ್ಟೇ ಪ್ರೀತಿಯಿಂದ ಮಾಡಿರಲಿ.

ಹೀಗೆ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಅನ್ನುವುದು ಈ ಒಪ್ಪಂದದ ಒಂದು ಕಲಮು. ಮೇಜಿನ ಮೇಲೆ ದುಬಾರಿ ವೈನ್ ಇಟ್ಟು ಅದರ ಬೆಲೆ ಹೇಳಿದರೆ ಹ್ಯೂಗೆ ಸೊರಗುತ್ತದೆ. ಪ್ರಮೋಷನ್ ಸಿಕ್ಕ ಕತೆಯನ್ನು ಉದ್ದಕ್ಕೆ ಹೇಳಿದರೂ ಅಷ್ಟೇ. ಒಬ್ಬರೇ ಮಾತಾಡಿ ಉಳಿದವರು ಕೇಳುತ್ತಾ ಕೂತರೆ, ಆ ಮಾತು ಎಷ್ಟೇ ಚೆನ್ನಾಗಿದ್ದರೂ, ಅದು ಬೇರೆ ಏನೋ ಆಗುತ್ತದೆ. ನಾನು ಈಗ ಇಲ್ಲಿ ನಿಂತು ಮಾಡುತ್ತಿರುವುದು ಖಂಡಿತ ಹ್ಯೂಗೆ ಅಲ್ಲ. ಯೆಪ್ಪೆ ಟ್ರೋಲೆ ಲಿನೆಟ್ ಅನ್ನುವ ಡೇನಿಶ್ ಮಾನವಶಾಸ್ತ್ರಜ್ಞ 2011ರ ತಮ್ಮ ಲೇಖನದಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಹ್ಯೂಗೆಯನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಅಂತ ಡೇನರು ನಂಬುತ್ತಾರೆ. ಆಡಂಬರ ಕಂಡರೆ ಅನುಮಾನ ಪಡುತ್ತಾರೆ. ಹಾಗೇ, ಹೀಗೆ ಇರುವುದೇ ಸರಿ ಅಂತ ಒಬ್ಬರನ್ನೊಬ್ಬರು ಹದ್ದುಬಸ್ತಿನಲ್ಲಿ ಇಡಲೂ ಇದೇ ಹ್ಯೂಗೆಯನ್ನು ಬಳಸುತ್ತಾರೆ. ಕೊನೆಯ ಈ ಮಾತು ತುಂಬಾ ಮುಖ್ಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ಅದಕ್ಕೆ ಮೊದಲು ಹ್ಯೂಗೆಯ ವಿರುದ್ಧ ಪದವನ್ನು ನೋಡಬೇಕು. ಬೆಚ್ಚಗಿನ ಹಿತಕ್ಕೆ ವಿರುದ್ಧ ಏನು? ಚಳಿ, ಇಕ್ಕಟ್ಟು, ಕಿರಿಕಿರಿ. ಡೇನಿಶ್‌ನಲ್ಲಿ ಹಾಗಲ್ಲ. ಹ್ಯೂಗೆಗೆ ‘ಊ’ ಅನ್ನುವ ನಿಷೇಧ ಸೇರಿಸಿದರೆ ‘ಊಹ್ಯೂಗೆ’ ಆಗುತ್ತದೆ. ಅದರ ಅರ್ಥ ಇಕ್ಕಟ್ಟು ಅಲ್ಲ, ಭಯ. ಮೈ ಜುಮ್ಮೆನ್ನಿಸುವ ಭಯ. ದೆವ್ವದ ಸಿನಿಮಾ ಊಹ್ಯೂಗೆಲಿ. ರಾತ್ರಿ ಖಾಲಿ ಬೀದಿಯಲ್ಲಿ ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸುವುದು ಊಹ್ಯೂಗೆಲಿ. ಪೇಪರಿನಲ್ಲಿ ಬರುವ ಕೊಲೆಯ ಸುದ್ದಿಗೂ ಅದೇ ಮಾತು. ಎದುರಿನ ತುದಿಯಲ್ಲಿ ಇಷ್ಟು ದೊಡ್ಡ ಭಯ ನಿಂತಿದ್ದರೆ, ಈ ತುದಿಯಲ್ಲಿ ಬರೀ ಮೆತ್ತನೆ ದಿಂಬು ಇರಲು ಸಾಧ್ಯವಿಲ್ಲ. ಇಲ್ಲಿ ನನಗೆ ಯಾರಿಂದಲೂ ಏನೂ ಆಗುವುದಿಲ್ಲ, ಮೈ ಬಿಗಿ ಹಿಡಿದು ಕೂರಬೇಕಿಲ್ಲ, ಯಾರನ್ನೂ ಗೆಲ್ಲಬೇಕಿಲ್ಲ ಅನ್ನುವ ಧೈರ್ಯ ಇರಬೇಕು. ಹ್ಯೂಗೆಯಲ್ಲಿ ಇರುವುದು ಅದೇ. ಈ ಮಾತು ಡೆನ್ಮಾರ್ಕಿಗೆ ನಾರ್ವೆಯ ಕಡೆಯಿಂದ ಬಂತು ಅನ್ನುತ್ತಾರೆ. ಎರಡೂ ದೇಶ 1814ರವರೆಗೆ ಒಂದೇ ದೊರೆಯ ಕೈಕೆಳಗೆ ಇದ್ದವು. ಅದರ ಹಳೆಯ ಬೇರಿನಲ್ಲೂ ಸಮಾಧಾನ ಹೇಳುವುದು, ಧೈರ್ಯ ತುಂಬುವುದು ಅನ್ನುವ ಅರ್ಥವೇ ಇದೆ.

ಡೆನ್ಮಾರ್ಕಿನ ಚರಿತ್ರೆಯೂ ಇದಕ್ಕೆ ಸೇರಿಕೊಂಡಿತು. 1864ರಲ್ಲಿ ಪ್ರಷ್ಯಾ, ಆಸ್ಟ್ರಿಯಾಗಳ ಎದುರು ಯುದ್ಧ ಸೋತು ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್ ಸೀಮೆಗಳನ್ನು ಕಳೆದುಕೊಂಡಿತು. ಜೊತೆಗೆ ಮೂರನೇ ಒಂದಕ್ಕಿಂತ ಜಾಸ್ತಿ ಪ್ರಜೆಗಳನ್ನೂ. ಒಂದು ಕಾಲಕ್ಕೆ ದೊಡ್ಡದಾಗಿದ್ದ ದೇಶ ಪುಟ್ಟದಾಯಿತು. ಹೊರಗೆ ಕಳೆದುಕೊಂಡಿದ್ದನ್ನು ಒಳಗೆ ಗಳಿಸಿಕೊಳ್ಳಬೇಕು ಅನ್ನುವ ಮಾತು ಆಗ ಮನೆಮಾತಾಯಿತು. ಪಾಳುಬಿದ್ದ ಬಯಲುಗಳಲ್ಲಿ ಗಿಡ ನೆಟ್ಟರು, ಸಹಕಾರಿ ಡೈರಿಗಳನ್ನು ಕಟ್ಟಿದರು, ಹಳ್ಳಿಯ ಯುವಕರಿಗೆ ಶಾಲೆ ತೆರೆದರು. ನಾವು ಚಿಕ್ಕವರು, ನಮ್ಮ ನಮ್ಮಲ್ಲಿ ಚೆನ್ನಾಗಿರೋಣ ಅನ್ನುವ ಭಾವ ಬೆಳೆದ ಕಾಲ ಅದು. 2016ರಲ್ಲಿ ಡೇನಿಶ್ ಸಂಸ್ಕೃತಿ ಸಚಿವರು ಜನರ ಮತ ಕೇಳಿ ದೇಶದ ಹತ್ತು ಮೌಲ್ಯಗಳನ್ನು ಪ್ರಕಟಿಸಿದರು. ಸ್ವಾತಂತ್ರ್ಯ, ಪರಸ್ಪರ ನಂಬಿಕೆ, ಕಾನೂನಿನ ಮುಂದೆ ಸಮಾನತೆ ಇವುಗಳ ಪಕ್ಕದಲ್ಲಿ ಹ್ಯೂಗೆಗೂ ಜಾಗ ಸಿಕ್ಕಿತು. ಮೆತ್ತನೆ ದಿಂಬಿಗೆ ಆ ಪಟ್ಟಿಯಲ್ಲಿ ಯಾರೂ ಜಾಗ ಕೊಡುತ್ತಿರಲಿಲ್ಲ.

ಈಗ ಒಪ್ಪಂದ ಮುರಿದಾಗ ಏನಾಗುತ್ತದೆ ಅನ್ನುವುದಕ್ಕೆ ಬರೋಣ. ಒಂದು ಹುಟ್ಟುಹಬ್ಬದ ಕಾಫಿ ಮೇಜು. ಹತ್ತು ಹದಿನೈದು ಜನ, ಹೆಚ್ಚಿನವರು ನೆಂಟರು. ಎಂದಿನ ಹಾಗೆ ಥರ್ಮಾಸು, ಕೇಕು, ಹಗಲಲ್ಲೇ ಹಚ್ಚಿದ ಮೇಣದಬತ್ತಿ. ವಯಸ್ಸಾದ ಒಬ್ಬ ಚಿಕ್ಕಪ್ಪ ಊರಿನಲ್ಲಿ ಹೊಸದಾಗಿ ತೆರೆದ ತರಕಾರಿ ಅಂಗಡಿಯ ಬಗ್ಗೆ ಹೇಳುತ್ತಾ ಅಂಗಡಿಯವನ ಮಾತಿನ ಧಾಟಿಯನ್ನು ಅಣಕಿಸಿದರು. ಅಂಗಡಿಯವನು ಮಧ್ಯಪ್ರಾಚ್ಯದ ಕಡೆಯಿಂದ ಬಂದವನು. ಕೆಲವರು ನಕ್ಕರು. ಕಾಲೇಜು ಓದುತ್ತಿದ್ದ ಅಣ್ಣನ ಮಗಳು ನಗಲಿಲ್ಲ. ‘ಇದು ತಮಾಷೆ ಅಲ್ಲ ಚಿಕ್ಕಪ್ಪ’ ಅಂದಳು. ಕೂಗಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಮೇಜು ಒಂದು ಕ್ಷಣ ಮೌನವಾಯಿತು. ಮನೆಯಾಕೆ ಜಗ್ಗು ಎತ್ತಿ, ‘ಇನ್ನೂ ಯಾರಿಗೆ ಕಾಫಿ?’ ಅಂದರು. ಇನ್ಯಾರೋ ಮೆಲ್ಲಗೆ, ‘ಈಗ ಹ್ಯೂಗೆ ಕೆಡಿಸುವುದು ಬೇಡ’ ಅಂದರು.

ಆ ಮಾತು ಯಾರ ಕಡೆ ನೋಡಿ ಹೇಳಿದ್ದು ಅನ್ನುವುದನ್ನು ಗಮನಿಸಬೇಕು. ಅಣಕಿಸಿದವರ ಕಡೆ ಅಲ್ಲ, ಬೇಡ ಅಂದ ಹುಡುಗಿಯ ಕಡೆ. ಲೆಕ್ಕದಲ್ಲಿ ಹ್ಯೂಗೆ ಕೆಡಿಸಿದವಳು ಅವಳು. ಜಗಳಕ್ಕೆ ತಿರುಗಬಹುದಾದ ಮಾತು, ರಾಜಕೀಯ, ಹಳೆಯ ಮನಸ್ತಾಪ ಇವನ್ನೆಲ್ಲ ಮೇಜಿನಿಂದ ಆಚೆ ಇಡಬೇಕು ಅನ್ನುವುದು ಒಪ್ಪಂದದ ಇನ್ನೊಂದು ಕಲಮು. ಎಲ್ಲರನ್ನೂ ಕಾಪಾಡುವುದು ಇದೇ. ಬಾಯಿ ಮುಚ್ಚಿಸುವುದೂ ಇದೇ. ಡೇನರೇ ಇದಕ್ಕೆ ಒಂದು ಹೆಸರು ಕೊಟ್ಟಿದ್ದಾರೆ, ‘ಹ್ಯೂಗೆ ರೇಸಿಸಂ’ ಅನ್ನುವ ಅರ್ಥದ್ದು. ಕೆಟ್ಟದ್ದು ಮಾಡುವ ಉದ್ದೇಶವಿಲ್ಲ, ಸುಮ್ನೆ ನಗೋಕೆ ಅಂದದ್ದು ಅನ್ನುವ ನೆಪದಲ್ಲಿ ಬೇರೆ ಬಣ್ಣದವರನ್ನು, ಬೇರೆ ಧರ್ಮದವರನ್ನು ಆಡಿಕೊಳ್ಳುವುದಕ್ಕೆ ಅದು ಹೆಸರು. ಎದುರು ಮಾತಾಡಿದರೆ ನಗು ಕೆಡುತ್ತದೆ. ಅದಕ್ಕೇ ಯಾರೂ ಮಾತಾಡುವುದಿಲ್ಲ. ನೊಂದವರು ಅದೇ ಮೇಜಿನಲ್ಲಿ ಕೂತಿದ್ದರೂ ನಕ್ಕು ಸುಮ್ಮನಾಗಬೇಕು. ಬರೀ ಬೆಚ್ಚಗಿನ ಹಿತ ಅನ್ನುವ ಅರ್ಥ ಇಟ್ಟುಕೊಂಡರೆ ಈ ಹೆಸರು ಯಾಕೆ ಹುಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಕಂಬಳಿಗೆ ಯಾರ ಬಾಯನ್ನೂ ಮುಚ್ಚಿಸಲು ಬರುವುದಿಲ್ಲ. ಜನರ ನಡುವಿನ ಒಪ್ಪಂದಕ್ಕೆ ಬರುತ್ತದೆ.

ಒಪ್ಪಂದ ಅಂದ ಮೇಲೆ ಅದಕ್ಕೊಂದು ಗಡಿಯೂ ಇರುತ್ತದೆ. ಬೆಳಕಿನ ದುಂಡಿನ ಒಳಗಿರುವವರು ಒಳಗಿನವರು. ಡೆನ್ಮಾರ್ಕಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರು, ಕೇಕು ಕತ್ತರಿಸುವಾಗ ಕರೆಯುತ್ತಾರೆ, ಮನೆಗೆ ಮಾತ್ರ ಕರೆಯುವುದಿಲ್ಲ. ಇದನ್ನು ಜಂಬ ಅಂದುಕೊಳ್ಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ಕೂಲಿನಿಂದ ಜೊತೆಗಿರುವ ನಾಲ್ಕೈದು ಗೆಳೆಯರು, ಅವರ ಮನೆಯವರು, ಅಷ್ಟರ ನಡುವೆ ಆ ಒಪ್ಪಂದ ಬಾಯಿಬಿಡದೆ ನಡೆಯುತ್ತದೆ. ಹೊಸಬರು ಬಂದರೆ ಯಾವ ಮಾತು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅನ್ನುವುದನ್ನು ಎಲ್ಲರೂ ಮತ್ತೆ ತೂಗಿ ನೋಡಬೇಕು. ಆಗ ಮೈ ಬಿಗಿಯಾಗುತ್ತದೆ, ಹ್ಯೂಗೆ ತೆಳುವಾಗುತ್ತದೆ. ಹೊರಗೆ ನಿಂತವರಿಗೆ ನೋವಾಗುವುದು ನಿಜ. ಒಂದು ಸಲ ಒಳಗೆ ಕರೆದ ಮೇಲೆ ಮಾತ್ರ ನಿಮ್ಮನ್ನು ಅತಿಥಿಯ ಹಾಗೆ ಕೂರಿಸುವುದಿಲ್ಲ, ಕೈಗೆ ಆಲೂಗಡ್ಡೆ ಕೊಟ್ಟು ಸಿಪ್ಪೆ ತೆಗೆಯಲು ಹೇಳುತ್ತಾರೆ.

ಬೆಚ್ಚಗಿರುವುದೇ ಬೇಕಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಜೂನ್ 23ರ ರಾತ್ರಿ ಸಾಂಕ್ಟ್ ಹಾನ್ಸ್ ಹಬ್ಬ. ಸಮುದ್ರದ ದಡದಲ್ಲಿ ದೊಡ್ಡ ಬೆಂಕಿ ಹಾಕಿ ಊರವರೆಲ್ಲ ಸೇರಿ ಹಾಡುತ್ತಾರೆ. ಡೆನ್ಮಾರ್ಕಿನ ಬೇಸಿಗೆಯನ್ನು ನಂಬುವ ಹಾಗಿಲ್ಲ. ನಾನು ಹೋದ ರಾತ್ರಿ ಸಮುದ್ರದ ಗಾಳಿ ಜಾಕೆಟ್ಟಿನ ಒಳಗೆ ನುಗ್ಗುತ್ತಿತ್ತು, ನಡುನಡುವೆ ತುಂತುರು ಮಳೆ. ಒದ್ದೆ ಮರಳಿನ ಮೇಲೆ ನಿಂತ ಜನ ಒಬ್ಬರಿಗೊಬ್ಬರು ಹೇಳುತ್ತಿದ್ದುದು ಅದನ್ನೇ, ಎಷ್ಟು ಹ್ಯೂಗೆಲಿ.

ಮಾತು ಮುಗಿದ ಮೇಲೆ ಸಭೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು. ಎರಡೂ ಒಳ್ಳೆಯ ಪ್ರಶ್ನೆಗಳು, ಅದಕ್ಕೇ ಇಲ್ಲಿ ಸೇರಿಸಿದ್ದೇನೆ.

ಮೊದಲನೆಯವರು ಒಬ್ಬ ಹಿರಿಯರು. ‘ಹಾಗಾದರೆ ಒಬ್ಬರೇ ಇದ್ದಾಗ ಹ್ಯೂಗೆ ಆಗೋದಿಲ್ವಾ?’ ಅಂದರು. ಆಗುತ್ತದೆ ಸರ್. ಒಬ್ಬರೇ ಪುಸ್ತಕ ಹಿಡಿದು ಕೂತು ಹ್ಯೂಗೆ ಮಾಡಿಕೊಂಡೆ ಅಂತ ಡೇನರು ಹೇಳುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಬ್ಬರೇ ಮಾಡುವಾಗಲೂ ಮೇಜಿಗೆ ಬಟ್ಟೆ ಹಾಸುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ, ಬಿಸ್ಕತ್ತನ್ನು ಪೊಟ್ಟಣದಿಂದ ತೆಗೆದು ತಟ್ಟೆಯಲ್ಲಿ ಇಡುತ್ತಾರೆ. ತಮ್ಮನ್ನೇ ತಾವು ಮನೆಗೆ ಬಂದವರ ಹಾಗೆ ನೋಡಿಕೊಳ್ಳುವುದು ಅದು. ಆಫೀಸಿನ ಕೆಲಸ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟುಕೊಂಡು ಎಷ್ಟೇ ಬೆಚ್ಚಗೆ ಕೂತರೂ ಅದನ್ನು ಹಾಗೆ ಕರೆಯುವುದಿಲ್ಲ. ಗೆಲ್ಲುವುದು, ಸಾಧಿಸುವುದು ಆ ಹೊತ್ತಿಗೆ ಬಾಗಿಲ ಹೊರಗೆ ಇರಬೇಕು ಅನ್ನುವ ನಿಯಮ ಒಬ್ಬರಿಗೂ ಉಂಟು.

ಇನ್ನೊಬ್ಬರು ಶಾಲೆಯ ಮೇಡಂ. ‘ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ ಅಂದ್ರಿ. ಮಕ್ಕಳು ಅದನ್ನು ಹೇಗೆ ಕಲೀತಾರೆ?’ ಅಂತ ಕೇಳಿದರು. ಮಕ್ಕಳ ಮುಂದೆ ಮಾತ್ರ ಬಾಯಿಬಿಟ್ಟೇ ಹೇಳುತ್ತಾರೆ ಮೇಡಂ. ಶುಕ್ರವಾರ ಸಂಜೆಗೆ ಅಲ್ಲಿ ಬೇರೆಯೇ ಹೆಸರಿದೆ, ಫ್ರೇದಾಸ್‌ಹ್ಯೂಗೆ, ಶುಕ್ರವಾರದ ಹ್ಯೂಗೆ. ಅಂಗಡಿಗೆ ಹೋಗಿ ಮಕ್ಕಳೇ ಡಬ್ಬಿಗಳಿಂದ ಬಗೆಬಗೆಯ ಮಿಠಾಯಿ ಆರಿಸಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ವಾರದಲ್ಲಿ ಮಿಠಾಯಿಗೆ ಅದೊಂದೇ ದಿನ. ಊಟವೂ ಸುಲಭದ್ದು, ಪಿಜ್ಜಾನೋ ಇನ್ನೊಂದೋ. 1991ರಿಂದ ಎಷ್ಟೋ ವರ್ಷ ಶುಕ್ರವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ ಡಿಸ್ನಿ ಕಾರ್ಯಕ್ರಮವನ್ನು ಒಂದು ಇಡೀ ತಲೆಮಾರು ಹೀಗೆ ಸೋಫಾದಲ್ಲಿ ಅಪ್ಪ ಅಮ್ಮನ ನಡುವೆ ಕೂತು ನೋಡಿತು. ಮಕ್ಕಳು ಅಂದ ಮೇಲೆ ಜಗಳ ಇದ್ದದ್ದೇ. ಅವನ ಚೀಲದಲ್ಲಿ ಜಾಸ್ತಿ ಇದೆ, ನಾನು ಅಮ್ಮನ ಪಕ್ಕ ಕೂರಬೇಕು ಅಂತ ಶುರುವಾಗುತ್ತದೆ. ನನ್ನ ಪಕ್ಕದ ಮನೆಯ ಅಮ್ಮ ಆಗ ಗದರುತ್ತಿರಲಿಲ್ಲ. ಇಬ್ಬರ ಮುಖವನ್ನೂ ನೋಡಿ, ತುಸು ಬಿಗಿಯಾದ ದನಿಯಲ್ಲಿ ಒಂದೇ ವಾಕ್ಯ ಹೇಳುತ್ತಿದ್ದರು: ‘ಈಗ ನಾವು ಹ್ಯೂಗೆ ಮಾಡ್ತಾ ಇದ್ದೀವಿ.’ ಮಕ್ಕಳು ಚೀಲಗಳನ್ನು ನಡುವೆ ಇಟ್ಟು ಸರಿದು ಕೂರುತ್ತಿದ್ದರು.